ಗೆಲ್ಲೋದೇ ಜಾಸ್ತಿ, ಆದರೂ ದುಡ್ಡು ಕರಗುತ್ತಿದೆ

"50 ಸಾವಿರ ಹಾಕಿ ಆಪ್ಷನ್ಸ್ ಮಾಡ್ತಿದೀನಿ. ಗೆಲ್ಲೋದೇ ಜಾಸ್ತಿ, ಆದರೂ ದುಡ್ಡು ಕರಗ್ತಿದೆ. ದಿನಕ್ಕೆ ಹತ್ತು ಟ್ರೇಡ್ ಅತಿಯಾಯ್ತಾ?"

ಖಂಡಿತ ಅತಿಯಾಯ್ತು ಸರ್. ಆರ್ಡರ್‌ಗೆ 20 ರೂಪಾಯಿ ಬ್ರೋಕರೇಜ್ ಅಂತಿಟ್ಟುಕೊಳ್ಳಿ. ಕೊಳ್ಳೋಕೆ, ಮಾರೋಕೆ ಸೇರಿ 40, ಜಿಎಸ್‌ಟಿ ಕೂಡಿಸಿದರೆ 47.20. ದಿನಕ್ಕೆ ಹತ್ತರಂತೆ 20 ದಿನಕ್ಕೆ 9,440 ರೂಪಾಯಿ. ಅಂದರೆ ಬಂಡವಾಳದ ಸುಮಾರು ಶೇ 19ರಷ್ಟು ಒಂದೇ ತಿಂಗಳಲ್ಲಿ ಹೋಯಿತು. ಎಸ್‌ಟಿಟಿ, ಎಕ್ಸ್‌ಚೇಂಜ್ ಶುಲ್ಕ ಬೇರೆ. ಷೇರುಗಳ ಇಂಟ್ರಾಡೇ ಬಗ್ಗೆ ಸೆಬಿ 2024ರಲ್ಲಿ ಕೊಟ್ಟ ವರದಿಯಲ್ಲೂ ಇದೇ ಕಾಣುತ್ತದೆ: 2022-23ರಲ್ಲಿ ಹತ್ತರಲ್ಲಿ ಏಳು ಮಂದಿಗೆ ನಷ್ಟ, ವರ್ಷಕ್ಕೆ 500ಕ್ಕಿಂತ ಹೆಚ್ಚು ಟ್ರೇಡ್ ಮಾಡಿದವರಲ್ಲಿ ಶೇ 80 ಮಂದಿಗೆ.

ಇನ್ನು ಗೆಲುವಿನ ವಿಷಯ. 300 ರೂಪಾಯಿ ಬಂದ ಕೂಡಲೇ "ಕೈತಪ್ಪಿ ಹೋದೀತು" ಅಂತ ಮಾರುತ್ತೀರಿ. ಇಳಿಯುತ್ತಿರುವುದನ್ನು ಮಾತ್ರ "ಅಸಲಿಗೆ ಬರಲಿ" ಅಂತ ಹಿಡಿದು ಕೂರುತ್ತೀರಿ. ಹಾಗಾದಾಗ ಏಳು ಗೆಲುವಿನ 2,100 ರೂಪಾಯಿಯನ್ನು ಮೂರು ಸೋಲುಗಳು ತಲಾ ಸಾವಿರ ತಿಂದರೆ ಮುಗಿಯಿತು. ಆಪ್ಷನ್ ಕೊಂಡವರಿಗೆ ಕಾಯುವುದು ಇನ್ನೂ ದುಬಾರಿ, ಎಕ್ಸ್‌ಪೈರಿ ಹತ್ತಿರವಾದಂತೆ ಪ್ರೀಮಿಯಂ ತಾನಾಗಿಯೇ ಸವೆಯುತ್ತದೆ.

ಇವತ್ತೇ ಕಾಂಟ್ರ್ಯಾಕ್ಟ್ ನೋಟ್ ತೆಗೆದು ಸಮಯದ ಕಾಲಂ ನೋಡಿ. ನಷ್ಟದಲ್ಲಿ ಮಾರಿದ ಎರಡು-ಮೂರು ನಿಮಿಷದಲ್ಲೇ ಮುಂದಿನ ಖರೀದಿ ಇದ್ದರೆ, ಅದು ಹೋದದ್ದನ್ನು ವಾಪಸ್ ತರುವ ಹಟ. ದೊಡ್ಡ ಏರಿಕೆ ಆದ ಮೇಲಷ್ಟೇ ಕೊಂಡಿದ್ದರೆ, ಅದು ಬಿಟ್ಟುಹೋಗುವ ಭಯ. ಅವೆರಡನ್ನೂ ತೆಗೆದು ಉಳಿದ ಟ್ರೇಡ್‌ಗಳ ಲೆಕ್ಕ ಹಾಕಿ, ಇಲ್ಲೇ ತಿಳಿಸಿ.