ಡ್ರಾಫ್ಟ್ ನೀವೇ ಬರೆದು ತನ್ನಿ ಎಂದಾಗ

ಪ್ರಶ್ನೆ: ಮಂಗಳೂರಿನ ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ನಾಲ್ಕು ವರ್ಷದ ಅನುಭವ ಇದೆ. ಆಸ್ಟ್ರೇಲಿಯಾ ಪಿಆರ್‌ಗೆ, ಐಟಿಯವರ ಅನುಭವ ಪರಿಶೀಲಿಸುವ ಎಸಿಎಸ್ ಸಂಸ್ಥೆಯಿಂದ ಅಸೆಸ್‌ಮೆಂಟ್ ಮಾಡಿಸಬೇಕು. ಅದಕ್ಕೆ ಕಂಪನಿಯಿಂದ ಅನುಭವ ಪತ್ರ ಬೇಕು. ಎಚ್‌ಆರ್ "ಡ್ರಾಫ್ಟ್ ನೀವೇ ತನ್ನಿ, ಸಹಿ ಹಾಕ್ತೇವೆ" ಅಂತಾರೆ. ಯಾವ ಹುದ್ದೆಗೆ ಯಾವ ಕೆಲಸ ಎಂದು ಹೇಳುವ ಆಂಜ್‌ಸ್ಕೊ ಪಟ್ಟಿಯಲ್ಲಿರುವ ಡ್ಯೂಟಿಗಳನ್ನೇ ಹಾಕಿದರೆ ಆಗುತ್ತಾ?

ಬೇಡ. ಪತ್ರ ಓದುವವರಿಗೆ ಆ ಪಟ್ಟಿ ನಿಮಗಿಂತ ಚೆನ್ನಾಗಿ ಗೊತ್ತು. ಅದೇ ಸಾಲುಗಳು ಕಂಡರೆ ನೀವು ಏನು ಮಾಡಿದಿರಿ ಅನ್ನುವುದು ಅವರಿಗೆ ತಿಳಿಯುವುದೇ ಇಲ್ಲ.

ನಾನು ಇಲ್ಲೇ ಕೊಟ್ಟಾರದ ಕಡೆ ಟೀಮ್ ಲೀಡ್. ನಮ್ಮಲ್ಲಿ ಕೆಲಸ ಬಿಟ್ಟವರ ಪತ್ರಗಳಿಗೆ ಸಹಿ ಹಾಕುವವನು ನಾನೇ. ಒಬ್ಬ ಹುಡುಗ ತಂದ ಡ್ರಾಫ್ಟ್‌ನಲ್ಲಿ ಮೊದಲ ಸಾಲೇ "ಬಳಕೆದಾರರ ಅಗತ್ಯಗಳನ್ನು ವಿಶ್ಲೇಷಿಸುವುದು" ಎಂದಿತ್ತು. ಯಾವ ಬಳಕೆದಾರರು ಮಾರಾಯ ಎಂದು ಕೇಳಿದೆ. ಗೇರುಬೀಜದ ಕಾರ್ಖಾನೆಯವರು ಎಂದ. ಹಾಗಾದರೆ ಅದನ್ನೇ ಬರೆ ಎಂದೆ.

ತಿದ್ದಿದ ಮೇಲೆ ಆ ಸಾಲು ಹೀಗಾಯಿತು: ಕಚ್ಚಾ ಬೀಜದ ಲೋಡ್ ಬಂದಲ್ಲಿಂದ ಗ್ರೇಡ್ ಮಾಡಿದ ತಿರುಳು ಹೊರಗೆ ಹೋಗುವವರೆಗಿನ ದಾಸ್ತಾನು ಮಾಡ್ಯೂಲನ್ನು ಇವರು ಜಾವಾದಲ್ಲಿ ಬರೆದರು. ಅದಕ್ಕೆ ಬೇಕಾದ ಡೇಟಾಬೇಸ್ ಟೇಬಲ್‌ಗಳನ್ನು ವಿನ್ಯಾಸ ಮಾಡಿದರು. ಕಾರ್ಖಾನೆಯ ಮ್ಯಾನೇಜರ್ ಜೊತೆ ಕೂತು, ಒಂದು ಲೋಡಿಗೆ ತಿರುಳು ಎಷ್ಟು ಸಿಕ್ಕಿತು ಎಂದು ತೋರಿಸುವ ರಿಪೋರ್ಟ್ ತಯಾರಿಸಿದರು. ಸಾಫ್ಟ್‌ವೇರ್ ಎಂಜಿನಿಯರ್ ಕೆಲಸ ಎಂದರೆ ಇದೇ ಅಲ್ವಾ? ಪಟ್ಟಿಯ ಒಂದು ಪದವನ್ನೂ ಎರವಲು ತರದೆ ಹೊಂದಿಕೆ ತಾನಾಗಿ ಕಾಣುತ್ತದೆ.

ಇನ್ನೊಂದು ತೊಡಕಿತ್ತು. ಮೊದಲ ವರ್ಷ ಅವನು ಟ್ರೈನಿ. ಗ್ರಾಹಕರ ಫೋನ್ ತೆಗೆದು ಸಪೋರ್ಟ್ ಮಾಡಿದ್ದೇ ಜಾಸ್ತಿ. ಡ್ರಾಫ್ಟ್‌ನಲ್ಲಿ ಮಾತ್ರ ಸೇರಿದ ದಿನದಿಂದಲೇ ಸಾಫ್ಟ್‌ವೇರ್ ಎಂಜಿನಿಯರ್! ಸ್ಯಾಲರಿ ಸ್ಲಿಪ್‌ನಲ್ಲಿ ಟ್ರೈನಿ ಎಂದೇ ಇರುವಾಗ ಇಂಥ ಒಂದು ಸಾಲು ಇಡೀ ಪತ್ರದ ಮೇಲೆ ಅನುಮಾನ ಹುಟ್ಟಿಸುತ್ತದೆ. ಹಾಗಾಗಿ ಎರಡು ಹುದ್ದೆಗಳನ್ನು ಬೇರೆ ಬೇರೆ ತಾರೀಕು ಹಾಕಿ, ಬೇರೆ ಬೇರೆ ಕೆಲಸಗಳೊಂದಿಗೆ ಬರೆಸಿದೆ. ಆ ಮೊದಲ ವರ್ಷ ಲೆಕ್ಕಕ್ಕೆ ಸಿಗದೆ ಹೋಗಬಹುದು ಎಂದೂ ಹೇಳಿದೆ. ಉಳಿದ ವರ್ಷಗಳಾದರೂ ಗಟ್ಟಿಯಾಗಿ ನಿಲ್ಲಬೇಕಲ್ಲ. ನೀವೂ ಪತ್ರವನ್ನು ಸ್ಯಾಲರಿ ಸ್ಲಿಪ್, ಫಾರ್ಮ್ 16, ಆಫರ್ ಲೆಟರ್ ಪಕ್ಕ ಇಟ್ಟು ತಾರೀಕು, ಹುದ್ದೆ ತಾಳೆ ನೋಡಿ.

ಉಳಿದದ್ದು ಸುಲಭ. ಲೆಟರ್‌ಹೆಡ್, ಸೇರಿದ ಮತ್ತು ಬಿಟ್ಟ ತಾರೀಕು, ಕೆಲಸ ಮಾಡಿದ ದೇಶ, ಫುಲ್ ಟೈಮೋ ಪಾರ್ಟ್ ಟೈಮೋ ಅನ್ನುವುದು ಇರಬೇಕು. ವಾರಕ್ಕೆ 20 ಗಂಟೆಗಿಂತ ಕಡಿಮೆ ಇದ್ದ ಕೆಲಸ ಎಸಿಎಸ್ ಲೆಕ್ಕಕ್ಕೆ ಬರುವುದಿಲ್ಲ. ಸಹಿ ಹಾಕಿದವರ ಹೆಸರು, ಹುದ್ದೆ, ಫೋನ್, ಕಂಪನಿಯ ಇಮೇಲ್ ಬೇಕು. ಅವರು ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರಾದರೆ ಒಳ್ಳೆಯದು. ಎಸಿಎಸ್‌ನವರು ವಿಚಾರಿಸಲು ಅವರನ್ನು ನಿಜವಾಗಿಯೂ ಸಂಪರ್ಕಿಸಬಹುದು. "ಯಾವ ಮಾಡ್ಯೂಲ್?" ಎಂದು ಕೇಳಿದಾಗ ಸಹಿ ಹಾಕಿದವರು ತಡವರಿಸಬಾರದು.

ನಾಳೆ ಎಚ್‌ಆರ್ ಮನಸ್ಸು ಬದಲಿಸಿ, ಡ್ಯೂಟಿ ಬರೆಯುವುದಿಲ್ಲ ಎಂದರೆ, ಜೊತೆಗೆ ದುಡಿದ ಹಿರಿಯರೊಬ್ಬರಿಂದ ಇದೇ ವಿವರಗಳ ಅಫಿಡವಿಟ್ ಮಾಡಿಸಿ, ನೋಟರಿ ಮುಂದೆ ಸಹಿ ಹಾಕಿಸಿ. ಕಂಪನಿ ಕೊಟ್ಟ ಸರ್ವಿಸ್ ಸರ್ಟಿಫಿಕೇಟ್, ಸ್ಯಾಲರಿ ಸ್ಲಿಪ್‌ಗಳನ್ನು ಅದರ ಜೊತೆ ಲಗತ್ತಿಸಿ. ನಿಮ್ಮ ಬಗ್ಗೆ ನೀವೇ ಬರೆದುಕೊಂಡ ಅಫಿಡವಿಟ್ ನಡೆಯುವುದಿಲ್ಲ.