ಪಶ್ಚಿಮಕ್ಕೆ ರಸ್ತೆ ಇರುವ 30×40 ಸೈಟಲ್ಲಿ ವಾಸ್ತುವನ್ನು ಎಷ್ಟರಮಟ್ಟಿಗೆ ಕೇಳಬೇಕು?

ಪ್ರಶ್ನೆ: ಬೆಂಗಳೂರಲ್ಲಿ 30×40 ಸೈಟು, ಪಶ್ಚಿಮಕ್ಕೆ ರಸ್ತೆ. ವಾಸ್ತು ನೋಡಿದವರು ಸಂಪು ಈಶಾನ್ಯದಲ್ಲೇ ಆಗಬೇಕು, ಅಡುಗೆಮನೆ ಆಗ್ನೇಯ, ಯಜಮಾನರ ಕೋಣೆ ನೈಋತ್ಯ ಅಂತಾರೆ. ಇಂಜಿನಿಯರ್ ಸಂಪು ಮುಂದೆ ಕಾರ್ ನಿಲ್ಲಿಸುವ ಜಾಗದಲ್ಲಿರಲಿ ಅಂತಾರೆ. ಮನೆಯಲ್ಲಿ ದಿನಾ ಇದೇ ಚರ್ಚೆ. ಯಾವುದನ್ನು ಕೇಳಲಿ, ಯಾವುದನ್ನು ಬಿಡಲಿ?

ಸಂಪಿನ ವಿಷಯದಲ್ಲಿ ನಿಮ್ಮ ಇಂಜಿನಿಯರ್ ಮಾತೇ ಸರಿ. ಅಡುಗೆಮನೆ ಆಗ್ನೇಯದಲ್ಲಿ ಧಾರಾಳವಾಗಿ ಇರಲಿ. ನೈಋತ್ಯದ ಕೋಣೆಯೂ ಇರಲಿ, ಆದರೆ ಅದರ ಪಶ್ಚಿಮದ ಗೋಡೆಗೆ ಏನಾದರೂ ದಾರಿ ಮಾಡಿಕೊಳ್ಳಬೇಕು.

ಸಂಪನ್ನು ಮೊದಲು ತೀರ್ಮಾನಿಸಿ, ಏಕೆಂದರೆ ಆಮೇಲೆ ಅದನ್ನು ಎತ್ತಿ ಬೇರೆ ಕಡೆ ಇಡಲು ಆಗುವುದಿಲ್ಲ. ರಸ್ತೆ ಪೂರ್ವಕ್ಕೋ ಉತ್ತರಕ್ಕೋ ಇದ್ದರೆ ಈಶಾನ್ಯ ಮನೆಯ ಮುಂದುಗಡೆಗೇ ಬರುತ್ತದೆ, ತಕರಾರೇ ಇರುವುದಿಲ್ಲ. ನಿಮ್ಮ ಸೈಟಲ್ಲಿ ಅದು ಹಿಂದಿನ ಮೂಲೆ. ಒಳಗಡೆ 6 ಅಡಿ ಉದ್ದ, 6 ಅಡಿ ಅಗಲ, 6 ಅಡಿ ಆಳದ ಸಂಪು ಅಂತಿಟ್ಟುಕೊಳ್ಳಿ. ಮೇಲೆ ಒಂದಡಿ ಬಿಟ್ಟರೂ ಸುಮಾರು 5,100 ಲೀಟರ್ ಹಿಡಿಯುತ್ತದೆ. ತಲೆಗೆ ದಿನಕ್ಕೆ 135 ಲೀಟರ್ ಲೆಕ್ಕದಲ್ಲಿ ನಾಲ್ಕು ಜನಕ್ಕೆ ಒಂಬತ್ತು ದಿನ ಬರುತ್ತದೆ. ಹಿಂದೆ ಬಿಡುವ ಮೂರಡಿ ಜಾಗದಲ್ಲಿ ಇದು ಹಿಡಿಸುವುದಿಲ್ಲ, ಮನೆಯ ಕೆಳಗೇ ನುಗ್ಗಬೇಕು. ಅಲ್ಲಿ ಮೂಲೆ ಪಿಲ್ಲರಿನ ಫುಟಿಂಗ್ ಕೂತಿರುತ್ತದೆ.

ಅಪಾಯ ಇರುವುದು ಇಲ್ಲೇ. ಫುಟಿಂಗ್ ತಳ 5 ಅಡಿಯಲ್ಲಿದ್ದು, ಕಾಂಕ್ರೀಟ್ ತಳವೂ ಸೇರಿ ಸಂಪಿನ ಗುಂಡಿ 7 ಅಡಿಗೆ ಇಳಿದರೆ, ಪಿಲ್ಲರಿನ ಭಾರ ಹೊತ್ತ ಮಣ್ಣನ್ನೇ ಪಕ್ಕದಿಂದ ಕಡಿದ ಹಾಗಾಯಿತು. ಆಳದಲ್ಲಿ ಎಷ್ಟು ವ್ಯತ್ಯಾಸವೋ ಫುಟಿಂಗ್ ಅಂಚಿನಿಂದ ಕನಿಷ್ಠ ಅಷ್ಟು ದೂರ ಗುಂಡಿ ಇರಬೇಕು, ಇಲ್ಲಿ ಎರಡಡಿ. ಮಣ್ಣು ತುಂಬಿಸಿದ ಸೈಟಾದರೆ ಇನ್ನೂ ಹೆಚ್ಚು. ಮಳೆಗಾಲದಲ್ಲಿ ಗುಂಡಿ ತೋಡಿ ಹಾಗೇ ಬಿಟ್ಟರೆ ಅಂಚು ಕುಸಿಯುತ್ತದೆ. ಒಂದೆರಡು ವರ್ಷದ ಮೇಲೆ ಆ ಮೂಲೆಯ ಕೋಣೆಯಲ್ಲಿ ಕಿಟಕಿಯ ತುದಿಯಿಂದ ಓರೆಯಾಗಿ ಬಿರುಕು ಹೊರಟು ಅಗಲವಾಗುತ್ತಾ ಹೋದರೆ, ಅದು ಬರೀ ಪ್ಲಾಸ್ಟರಿನ ಬಿರುಕಲ್ಲ, ತಳ ಕೂರುತ್ತಿದೆ ಅಂತ ಅನುಮಾನಪಡಿ. ಈಶಾನ್ಯವೇ ಬೇಕು ಅಂತ ಮನೆಯವರು ಪಟ್ಟು ಹಿಡಿದರೆ ಆ ಮೂಲೆಯ ಫುಟಿಂಗನ್ನೂ ಸಂಪಿನ ತಳದ ಮಟ್ಟಕ್ಕೇ ಇಳಿಸಿ ಡಿಸೈನ್ ಮಾಡಿಸಿ. ಮೇಸ್ತ್ರಿ ಸ್ಥಳದಲ್ಲೇ ನಿರ್ಧರಿಸುವ ವಿಷಯ ಅಲ್ಲ ಇದು.

ಮುಂದೆ ಮಾಡುವುದಾದರೆ ಎಲ್ಲಿ? ನೈಋತ್ಯದಲ್ಲಿ ಹಳ್ಳ ಅಂದರೆ ವಾಸ್ತುವಿನವರು ಯಾರೂ ಒಪ್ಪುವುದಿಲ್ಲ. ವಾಯವ್ಯದಲ್ಲಿ ಟಾಯ್ಲೆಟ್ ಬಂದರೆ ಅದರ ಪೈಪು ಉತ್ತರದ ಸಂದಿಯಲ್ಲಿ ರಸ್ತೆಗೆ ಹೋಗುತ್ತದೆ, ಅಡುಗೆಮನೆಯದು ದಕ್ಷಿಣದ ಸಂದಿಯಲ್ಲಿ. ಹಾಗಾಗಿ ಉಳಿಯುವುದು ನಟ್ಟನಡುವೆ. ಗೋಡೆಯೂ ಸೇರಿ ಏಳೂವರೆ ಅಡಿಯ ಸಂಪನ್ನು 30 ಅಡಿಯ ಮಧ್ಯಕ್ಕೆ ಇಟ್ಟರೆ ಎರಡೂ ಕಡೆಯ ಕೊಳಚೆ ಪೈಪಿನಿಂದ ಹತ್ತಿರ ಹತ್ತಿರ 10 ಅಡಿ ದೂರ ಸಿಗುತ್ತದೆ, ಮೂಲೆ ಪಿಲ್ಲರುಗಳಿಂದಲೂ ದೂರ. ಪಶ್ಚಿಮ ದಿಕ್ಕಿನ ಒಡೆಯ ವರುಣ, ನೀರಿನ ದೇವರು. ಈ ಕಾರಣಕ್ಕೆ ಪಶ್ಚಿಮ ಮಧ್ಯದ ನೀರನ್ನು ಒಪ್ಪುವ ವಾಸ್ತುವಿನವರೂ ಇದ್ದಾರೆ, ಕೇಳಿ ನೋಡಿ. ಕಾವೇರಿ ಪೈಪು ರಸ್ತೆಯಿಂದಲೇ ಬರುತ್ತದೆ, ಟ್ಯಾಂಕರ್ ಬಂದರೆ ಮನೆಯೊಳಗೆ ಹೋಸ್ ಎಳೆಯುವ ಕೆಲಸವಿಲ್ಲ. ಕಾರು ಮೇಲೆ ನಿಲ್ಲುತ್ತದೆ ಅಂತ ಮುಚ್ಚಳದ ಸ್ಲ್ಯಾಬಿನ ಡಿಸೈನ್ ಮಾಡುವಾಗಲೇ ಹೇಳಿ. ಬಾಯಿ ಚಕ್ರದ ದಾರಿಯಲ್ಲಿ ಬರದಿರಲಿ, ಸುತ್ತಲಿನ ನೆಲಕ್ಕಿಂತ ಸ್ವಲ್ಪ ಎತ್ತರದಲ್ಲಿರಲಿ.

ಗೃಹಪ್ರವೇಶಕ್ಕೆ ಮುಂಚೆ ಒಂದು ಪರೀಕ್ಷೆ ಮಾಡಿ. ಸಂಪು ತುಂಬಿಸಿ ಎರಡು ದಿನ ಬಿಡಿ. ಆಮೇಲೆ ವಾಲ್ವ್ ಮುಚ್ಚಿ, ಮೋಟರ್ ಹಾಕದೆ, ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಗೆರೆ ಎಳೆದು 24 ಗಂಟೆ ಬಿಟ್ಟು ನೋಡಿ. ಮಟ್ಟ ಇಳಿದಿದ್ದರೆ ಸೋರುತ್ತಿದೆ. ನೀರು ಹೊರಗೆ ಹೋಗುವ ದಾರಿಯಲ್ಲೇ, ಸಂಪು ಖಾಲಿ ಇದ್ದಾಗ, ಚೇಂಬರಿನ ಕೊಳಕು ಒಳಗೆ ಬರುತ್ತದೆ.

ಈಶಾನ್ಯದಲ್ಲಿ ನೀರು ಇರಲೇಬೇಕು ಅನ್ನುವ ಹಿರಿಯರಿಗೆ ನನ್ನ ಸಲಹೆ: ಅಲ್ಲಿ ನೆಲದ ಮೇಲೆ 500 ಲೀಟರಿನ ಮಳೆನೀರಿನ ಡ್ರಮ್ಮು ಇಡಿ, ಚಾವಣಿಯ ಒಂದು ಪೈಪನ್ನು ಅದಕ್ಕೆ ಬಿಡಿ. ಬೆಂಗಳೂರಲ್ಲಿ ಈ ಅಳತೆಯ ಹೊಸ ಮನೆಗೆ ಮಳೆನೀರು ಕೊಯ್ಲು ಹೇಗೂ ಕಡ್ಡಾಯ.

ಅಡುಗೆಮನೆ ಆಗ್ನೇಯಕ್ಕೆ, ಅಂದರೆ ಹಿಂದಿನ ಬಲ ಮೂಲೆಗೆ ಹೋದಾಗ ಸಿಂಕಿನ ನೀರು ಸುಮಾರು 36 ಅಡಿ ಹರಿದು ರಸ್ತೆ ಸೇರಬೇಕು. ನಾಲ್ಕಿಂಚಿನ ಪೈಪಿಗೆ 60 ಅಡಿಗೆ ಒಂದಡಿ ವಾಟ ಕೊಟ್ಟರೂ ತುದಿಯಲ್ಲಿ ಏಳು ಇಂಚಿಗಿಂತ ಹೆಚ್ಚು ಕೆಳಗಿರುತ್ತದೆ. ಪಾಯದ ಮಟ್ಟ ನಿಗದಿ ಮಾಡುವ ಮುನ್ನವೇ ರಸ್ತೆಯ ಒಳಚರಂಡಿ ಪೈಪಿನ ಆಳ ಅಳೆದು, ಲೆವೆಲ್ ಟ್ಯೂಬ್ ಹಿಡಿದು ನೋಡಿ. ಅಲ್ಲಿ ಆಳ ಸಾಲದಿದ್ದರೆ ಮೇಸ್ತ್ರಿ ವಾಟ ಕಮ್ಮಿ ಮಾಡುತ್ತಾನೆ, ಆಗ ಎಣ್ಣೆ ಜಿಡ್ಡು ಪೈಪಿನಲ್ಲೇ ಹೆಪ್ಪುಗಟ್ಟುತ್ತದೆ. ಸಿಂಕಿನಲ್ಲಿ ಗುಳುಗುಳು ಸದ್ದು ಬರತೊಡಗುವುದು ಅದರ ಮೊದಲ ಸೂಚನೆ. ಅಡುಗೆಮನೆ ಗೋಡೆಯ ಹೊರಗೇ ಜಿಡ್ಡು ತಡೆಯುವ ಚಿಕ್ಕ ಚೇಂಬರ್, ಸಂದಿಯ ಮಧ್ಯೆ ಇನ್ನೊಂದು ಚೇಂಬರ್ ಕಟ್ಟಿಸಿ.

ಇನ್ನು ನೈಋತ್ಯದ ಕೋಣೆ. ನಮ್ಮ ಕಡೆ ಬಹಳ ಜನ ಇದನ್ನೇ ಕುಬೇರ ಮೂಲೆ ಅನ್ನುತ್ತಾರೆ, ಶಾಸ್ತ್ರದಲ್ಲಿ ಕುಬೇರನದು ಉತ್ತರ! ಅದಿರಲಿ. ನಿಮ್ಮ ಪಶ್ಚಿಮದ ಗೋಡೆಯ ಮುಂದೆ ರಸ್ತೆ, ಪಕ್ಕದ ಮನೆಯ ನೆರಳಿಲ್ಲ. ಮಧ್ಯಾಹ್ನ ಎರಡರಿಂದ ಸಂಜೆವರೆಗೆ ಕುಡಿದ ಬಿಸಿಲನ್ನು ಗೋಡೆ ರಾತ್ರಿ ನೀವು ಮಲಗುವ ಹೊತ್ತಿಗೆ ಒಳಗೆ ಬಿಡುತ್ತದೆ. ಏಪ್ರಿಲ್‌ನಲ್ಲಿ ಇಂಥ ಯಾವುದೇ ಮನೆಗೆ ರಾತ್ರಿ ಹತ್ತಕ್ಕೆ ಹೋಗಿ ಪಶ್ಚಿಮದ ಗೋಡೆಗೆ ಅಂಗೈ ಇಡಿ, ಆಮೇಲೆ ಪೂರ್ವದ ಗೋಡೆಗೆ ಇಡಿ, ಗೊತ್ತಾಗುತ್ತದೆ. ಕೆಳಗಿನ ಕೋಣೆಗೆ ಪೋರ್ಟಿಕೋ ನೆರಳು ಸಿಗಬಹುದು, ಮಹಡಿಯ ಕೋಣೆಗೆ ಸಿಗುವುದಿಲ್ಲ.

ಇದಕ್ಕೆ ಪರಿಹಾರ ವಾಸ್ತುವಿನೊಳಗೇ ಇದೆ: ನೈಋತ್ಯದಲ್ಲಿ ಭಾರ ಇರಲಿ ಅನ್ನುತ್ತಾರಲ್ಲ, ವಾರ್ಡ್‌ರೋಬನ್ನು ಪೂರ್ತಿ ಪಶ್ಚಿಮದ ಗೋಡೆಗೆ ಮಾಡಿಸಿ. ಮುಂಗಾರು ಮಳೆ ಬಡಿಯುವುದೂ ಅದೇ ಗೋಡೆಗೆ, ಹಿಂದೆ ಎರಡಿಂಚು ಬಿಡಿ, ಇಲ್ಲದಿದ್ದರೆ ಪ್ಲೈವುಡ್‌ಗೆ ಬೂಷ್ಟು ಹಿಡಿಯುತ್ತದೆ. ದೊಡ್ಡ ಕಿಟಕಿ ದಕ್ಷಿಣಕ್ಕಿರಲಿ. ಬೇಸಿಗೆಯ ನಡುಮಧ್ಯಾಹ್ನ ಇಲ್ಲಿ ಸೂರ್ಯ ನೆತ್ತಿಯ ಹತ್ತಿರವೇ ಇರುವುದರಿಂದ ಎರಡಡಿ ಸಜ್ಜಾ ಆ ಕಿಟಕಿಗೆ ಸಾಕು. ಪಶ್ಚಿಮದ ಕಿಟಕಿಗೆ ಸಜ್ಜಾ ಪ್ರಯೋಜನವಿಲ್ಲ, ಸಂಜೆಯ ಬಿಸಿಲು ಅದರ ಕೆಳಗಿನಿಂದಲೇ ನೇರ ನುಗ್ಗುತ್ತದೆ.

ದಕ್ಷಿಣಕ್ಕೆ ತಲೆ, ಪೂರ್ವಕ್ಕೆ ಮುಖ ಮಾಡಿ ಅಡುಗೆ, ಬೀರುವಿನ ಬಾಗಿಲು ಉತ್ತರಕ್ಕೆ: ಇವೆಲ್ಲ ಖರ್ಚಿಲ್ಲದವು, ಅಮ್ಮನೋ ಅತ್ತೆಯವರೋ ಹೇಳಿದ ಹಾಗೇ ಆಗಲಿ. ಒಲೆಯ ನೇರಕ್ಕೆ ಕಿಟಕಿ ಇಡಬೇಡಿ, ಗಾಳಿಗೆ ಉರಿ ನಿಲ್ಲುವುದಿಲ್ಲ. ಎಕ್ಸಾಸ್ಟ್ ಫ್ಯಾನ್ ದಕ್ಷಿಣದ ಗೋಡೆಗಿರಲಿ. ಚಳಿಗಾಲದಲ್ಲಿ ಬೆಂಗಳೂರಿಗೆ ಗಾಳಿ ಪೂರ್ವದಿಂದ ಬರುವುದರಿಂದ, ಪೂರ್ವದ ಗೋಡೆಯಲ್ಲಿಟ್ಟರೆ ಒಗ್ಗರಣೆ ಘಾಟು ಹಾಲಿಗೇ ವಾಪಸು ಬರುತ್ತದೆ.

ಮುಂಬಾಗಿಲಿನ ಬಗ್ಗೆ ನೀವು ಕೇಳಿಲ್ಲ, ಆದರೆ ಮುಂದಿನ ಜಗಳ ಅದೇ. ಗೋಡೆಯನ್ನು ಒಂಬತ್ತು ಸಮಪಾಲು, ಅಂದರೆ ಪದ, ಮಾಡುವವರು ಪಶ್ಚಿಮದಲ್ಲಿ ದಕ್ಷಿಣದ ತುದಿಯಿಂದ ಮೂರು, ನಾಲ್ಕು, ಐದನೇ ಪದ (ಸುಗ್ರೀವ, ಪುಷ್ಪದಂತ, ವರುಣ) ಒಳ್ಳೆಯದು ಅನ್ನುತ್ತಾರೆ. ಗೋಡೆಯ ಒಂದರ್ಧ ಉಚ್ಚ, ಇನ್ನೊಂದರ್ಧ ನೀಚ ಅಂತ ನೋಡುವವರು ಉತ್ತರದ ಅರ್ಧದಲ್ಲೇ ಇಡಿ ಅನ್ನುತ್ತಾರೆ. ನಿಮ್ಮ ಮನೆಯ ಮುಂಗೋಡೆ 24 ಅಡಿ ಇದ್ದರೆ ಇಬ್ಬರ ಲೆಕ್ಕವೂ ಕೂಡುವುದು ದಕ್ಷಿಣದ ತುದಿಯಿಂದ 12 ಅಡಿಗೂ 13 ಅಡಿ 4 ಇಂಚಿಗೂ ನಡುವೆ, ಬರೀ 16 ಇಂಚು. ಬಾಗಿಲಿಗೆ ಮೂರೂವರೆ ಅಡಿ ಬೇಕು. ಅದರ ಮಧ್ಯದ ಗೆರೆ ಆ 16 ಇಂಚಿನೊಳಗೆ ಬರುವ ಹಾಗೆ ಮಾರ್ಕ್ ಮಾಡಿಸಿದರೆ ಇಬ್ಬರೂ ಸುಮ್ಮನಾಗುವ ಸಾಧ್ಯತೆ ಇದೆ.