ಐದನೇ ಕ್ಲಾಸಿನ ಟಿಡಿ ಲಸಿಕೆ: ದೇಹಕ್ಕೆ ನೆನಪಿದ್ದರೂ ಮತ್ತೆ ಯಾಕೆ?

"ನಾನು ಸರ್ಕಾರಿ ಶಾಲೆಯಲ್ಲಿ ಟೀಚರ್. ಮುಂದಿನ ವಾರ ಐದನೇ ಕ್ಲಾಸಿನ ಮಕ್ಕಳಿಗೆ ಟಿಡಿ ಲಸಿಕೆ ಹಾಕುತ್ತಾರೆ. ಅದಕ್ಕೆ ಮೊದಲು ಪೋಷಕರ ಸಭೆ ಇದೆ. 'ಚಿಕ್ಕವರಿದ್ದಾಗಲೇ ಎಲ್ಲಾ ಹಾಕಿಸಿದ್ದೀವಲ್ಲ, ಮತ್ತೆ ಯಾಕೆ?' ಅಂತ ತುಂಬ ಜನ ಕೇಳುತ್ತಿದ್ದಾರೆ, ಹೆದರಿದ್ದಾರೆ ಕೂಡ. ಲಸಿಕೆ ದೇಹಕ್ಕೆ ಏನು ಕಲಿಸುತ್ತದೆ ಅಂತ ಹೇಗೆ ಹೇಳಲಿ?"

ಮೇಡಂ, ನಾನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯ. ಶಾಲೆಯ ಸಭೆಗಳಲ್ಲಿ ನನಗೂ ಮೊದಲು ಎದುರಾಗುವ ಪ್ರಶ್ನೆ ಇದೇ. ತಾಯಂದಿರು ಕೇಳುವುದರಲ್ಲಿ ತಪ್ಪೇನೂ ಇಲ್ಲ. "ಸರ್ಕಾರದ ಆದೇಶ, ಹಾಕಿಸಿ" ಅಂದರೆ ಅವರ ಅನುಮಾನ ಇನ್ನೂ ಜಾಸ್ತಿ ಆಗುತ್ತದೆ. ಹತ್ತಾರು ವಿಷಯ ಹೇಳಲು ಹೋಗಬೇಡಿ. ಒಂದನ್ನೇ ಬಿಡಿಸಿ ಹೇಳಿ: ಚಿಕ್ಕಂದಿನ ಲಸಿಕೆಯ ನೆನಪು ದೇಹದಲ್ಲಿ ಇರುತ್ತದೆ, ಆದರೆ ಗಂಟಲುಮಾರಿ ಆ ನೆನಪು ಎಚ್ಚೆತ್ತುಕೊಳ್ಳುವುದಕ್ಕೆ ಮೊದಲೇ ಬಂದುಬಿಡಬಹುದು.

ಟಿಡಿ ಅಂದರೆ ಧನುರ್ವಾಯು ಮತ್ತು ಗಂಟಲುಮಾರಿ, ಎರಡಕ್ಕೂ ಸೇರಿ ಒಂದೇ ಲಸಿಕೆ. ಗಂಟಲುಮಾರಿಯನ್ನೇ ಡಿಫ್ತೀರಿಯಾ ಅನ್ನುತ್ತಾರೆ. ಈ ಎರಡರಲ್ಲೂ ಪ್ರಾಣ ತೆಗೆಯುವುದು ರೋಗಾಣುವಲ್ಲ, ಅದು ಬಿಡುವ ವಿಷ. ಗಂಟಲುಮಾರಿಯ ರೋಗಾಣು ಗಂಟಲಿನಲ್ಲೇ ಕೂತಿರುತ್ತದೆ. ಅಲ್ಲಿ ಬೂದು ಬಣ್ಣದ ಪೊರೆ ಕಟ್ಟಿ ಉಸಿರುಗಟ್ಟಿಸುತ್ತದೆ. ಅದರ ವಿಷ ಮಾತ್ರ ರಕ್ತದಲ್ಲಿ ಹೋಗಿ ಹೃದಯಕ್ಕೂ ನರಗಳಿಗೂ ಪೆಟ್ಟು ಕೊಡುತ್ತದೆ. ಗಂಟಲು ವಾಸಿಯಾಯಿತು ಅಂದುಕೊಂಡ ಮೇಲೂ ಮಗುವಿನ ಹೃದಯ ಕೈಕೊಡುವುದುಂಟು.

ಈ ವಿಷವನ್ನು ಕಾರ್ಖಾನೆಯಲ್ಲಿ ಫಾರ್ಮಾಲಿನ್ ಬಳಸಿ ನಿರ್ವಿಷ ಮಾಡುತ್ತಾರೆ. ಅದು ಯಾರಿಗೂ ಕೇಡು ಮಾಡಲಾರದು, ಆದರೆ ದೇಹ ಗುರುತು ಹಿಡಿಯುವಷ್ಟು ಆಕಾರ ಉಳಿದಿರುತ್ತದೆ. ಟಿಡಿ ಸೀಸೆಯಲ್ಲಿ ಇರುವುದು ಇದೇ. ಜೀವಂತ ರೋಗಾಣು ಇಲ್ಲ, ಸತ್ತದ್ದೂ ಇಲ್ಲ. ಆದ್ದರಿಂದ ಲಸಿಕೆಯಿಂದಲೇ ಗಂಟಲುಮಾರಿ ಬರುವುದು ಸಾಧ್ಯವೇ ಇಲ್ಲ. ಇದನ್ನು ಸಭೆಯಲ್ಲಿ ಮೊದಲೇ ಹೇಳಿಬಿಡಿ, ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಈಗ ತೋಳಿನೊಳಗೆ ಏನಾಗುತ್ತದೆ ನೋಡೋಣ. ಸಿಸ್ಟರ್ ಅರ್ಧ ಎಂಎಲ್ ಲಸಿಕೆಯನ್ನು ತೋಳಿನ ಮೇಲ್ಭಾಗದ ಸ್ನಾಯುವಿಗೆ ಕೊಡುತ್ತಾರೆ. ಅದರಲ್ಲಿ ಅಲ್ಯೂಮಿನಿಯಂ ಲವಣವೂ ಸ್ವಲ್ಪ ಇರುತ್ತದೆ. ಅದಿಲ್ಲದೆ ಬರೀ ನಿರ್ವಿಷ ಮಾಡಿದ ವಸ್ತುವನ್ನು ಕೊಟ್ಟರೆ ದೇಹ ಅಷ್ಟಾಗಿ ಗಮನ ಕೊಡುವುದಿಲ್ಲ. ಈ ಲವಣ ಆ ಜಾಗದಲ್ಲಿ ಸಣ್ಣ ಕಿರಿಕಿರಿ ಮಾಡಿ ಕಾವಲು ಜೀವಕೋಶಗಳನ್ನು ಕರೆಸಿಕೊಳ್ಳುತ್ತದೆ. ಮಾರನೇ ದಿನ ತೋಳು ನೋಯುವುದು, ಸ್ವಲ್ಪ ಊದುವುದು ಇದರಿಂದಲೇ. ಕಾವಲು ಕೋಶಗಳು ಲಸಿಕೆಯ ಚೂರುಗಳನ್ನು ಹೊತ್ತುಕೊಂಡು ಕಂಕುಳಿನ ಗ್ರಂಥಿಗೆ ಹೋಗುತ್ತವೆ. ಅಲ್ಲಿ ಬಿ ಕೋಶಗಳೆಂಬ ರಕ್ಷಣಾ ಕೋಶಗಳು ಲೆಕ್ಕವಿಲ್ಲದಷ್ಟು ಇವೆ. ಒಂದೊಂದೂ ಒಂದೊಂದು ಆಕಾರವನ್ನು ಮಾತ್ರ ಹಿಡಿಯಬಲ್ಲದು. ಈ ವಿಷದ ಆಕಾರಕ್ಕೆ ಹೊಂದುವ ಕೆಲವೇ ಕೋಶಗಳು ಟಿ ಕೋಶಗಳೆಂಬ ಇನ್ನೊಂದು ಬಗೆಯ ರಕ್ಷಣಾ ಕೋಶಗಳ ಸಹಾಯದಿಂದ ಬೆಳೆದು ಹೆಚ್ಚುತ್ತವೆ. ಹೆಚ್ಚುವಾಗ ಸಣ್ಣ ಸಣ್ಣ ಬದಲಾವಣೆ ಆಗುತ್ತಾ, ಗಟ್ಟಿಯಾಗಿ ಹಿಡಿಯುವವು ಉಳಿಯುತ್ತವೆ, ಉಳಿದವು ಸಾಯುತ್ತವೆ. ಲಸಿಕೆಯಿಂದ ದೇಹ ಕಲಿಯುತ್ತದೆ ಅಂದರೆ ನಿಜವಾಗಿ ನಡೆಯುವುದು ಈ ಆಯ್ಕೆ. ಇದಕ್ಕೆ ವಾರಗಳೇ ಬೇಕು.

ಗೆದ್ದ ಕೋಶಗಳು ಎರಡು ದಾರಿ ಹಿಡಿಯುತ್ತವೆ. ಕೆಲವು ಮೂಳೆಯ ಮಜ್ಜೆಗೆ ಹೋಗಿ ಕೂತು ವರ್ಷಗಟ್ಟಲೆ ಪ್ರತಿಕಾಯ ತಯಾರಿಸುತ್ತವೆ. ರಕ್ತದಲ್ಲಿ ಓಡಾಡುವ ಈ ಪ್ರತಿಕಾಯ ವಿಷಕ್ಕೆ ಅಂಟಿಕೊಂಡರೆ ವಿಷ ಜೀವಕೋಶದೊಳಗೆ ಹೋಗಲಾರದು. ಇನ್ನು ಕೆಲವು ಏನೂ ಮಾಡದೆ ಸುಮ್ನೆ ಕಾಯುತ್ತವೆ. ಇವು ನೆನಪಿನ ಕೋಶಗಳು. ಅದೇ ಆಕಾರ ಮತ್ತೆ ಕಂಡರೆ ಮಾತ್ರ ಏಳುತ್ತವೆ.

ತಾಯಂದಿರ ಪ್ರಶ್ನೆಗೆ ಉತ್ತರ ಇಲ್ಲಿದೆ. ನೆನಪಿನ ಕೋಶಗಳು ಬಹಳ ವರ್ಷ ಬಾಳುತ್ತವೆ. ರಕ್ತದಲ್ಲಿರುವ ಪ್ರತಿಕಾಯ ಮಾತ್ರ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ನೆನಪಿನ ಕೋಶ ಎದ್ದು ಸಾಕಷ್ಟು ಪ್ರತಿಕಾಯ ಮಾಡಲು ಸುಮಾರು 4ರಿಂದ 7 ದಿನ ಬೇಕು. ಗಂಟಲುಮಾರಿಯ ರೋಗಾಣು ಹೊಕ್ಕ ಮೇಲೆ ಕಾಯಿಲೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 2ರಿಂದ 5 ದಿನ ಸಾಕು. ಈ ಎರಡು ಸಾಲನ್ನು ಬೋರ್ಡಿನ ಮೇಲೆ ಒಂದರ ಕೆಳಗೆ ಒಂದು ಬರೆಯಿರಿ. ನಾನು ಇಡೀ ಸಭೆಯಲ್ಲಿ ಬರೆಯುವುದು ಇಷ್ಟೇ. ಮೂರನೇ ಕ್ಲಾಸಿನಲ್ಲಿ ಹದಿಮೂರರ ಮಗ್ಗಿ ಕಲಿತ ಮಗುವನ್ನು ಈಗ ಫಕ್ಕನೆ ಹದಿಮೂರೇಳು ಎಷ್ಟು ಅಂತ ಕೇಳಿದರೆ ತಡವರಿಸುತ್ತದೆ. ಮರೆತಿಲ್ಲ, ಬೇಗ ಬರುವುದಿಲ್ಲ ಅಷ್ಟೆ. ಒಂದು ಸಲ ಮತ್ತೆ ಹೇಳಿಸಿದರೆ ಪಟಪಟನೆ ಬರುತ್ತದೆ, ಅಲ್ವಾ? ಟಿಡಿ ಆ ಒಂದು ಸಲ. ಕಾಯಿಲೆ ಬರುವ ಮೊದಲೇ ರಕ್ತದಲ್ಲಿ ಪ್ರತಿಕಾಯ ತಯಾರಿರಬೇಕು ಅನ್ನುವುದೇ ಇದರ ಉದ್ದೇಶ.

ಹಾಗಾಗಿಯೇ ಈ ಲಸಿಕೆಯಲ್ಲಿ ಗಂಟಲುಮಾರಿಯ ನಿರ್ವಿಷ ಮಾಡಿದ ವಸ್ತುವಿನ ಪ್ರಮಾಣ ಕಡಿಮೆ. ಚಿಕ್ಕ ಮಕ್ಕಳ ಡಿಪಿಟಿಯಲ್ಲಿ ಇರುವುದರ ಕಾಲು ಭಾಗ ಅಥವಾ ಅದಕ್ಕೂ ಕಡಿಮೆ. ಮೊದಲೇ ಕಲಿತ ದೇಹಕ್ಕೆ ಅಷ್ಟು ಸಾಕು. ದೊಡ್ಡ ಮಕ್ಕಳಿಗೆ ಡಿಪಿಟಿಯನ್ನೇ ಕೊಟ್ಟರೆ ತೋಳು ವಿಪರೀತ ಊದಿಕೊಂಡು ಜ್ವರ ಬರುವುದು ಜಾಸ್ತಿ.

"ಕಾಯಿಲೆ ಬಂದು ಹೋದರೆ ತಾನಾಗಿಯೇ ಶಕ್ತಿ ಬರುತ್ತದೆ, ಸೂಜಿ ಯಾಕೆ?" ಅನ್ನುವವರು ಒಬ್ಬರಾದರೂ ಇರುತ್ತಾರೆ. ಅವರಿಗೆ ಧನುರ್ವಾಯುವಿನ ಕಥೆ ಹೇಳಿ. ಆ ವಿಷ ಎಷ್ಟು ತೀಕ್ಷ್ಣ ಅಂದರೆ, ಮನುಷ್ಯನನ್ನು ಕೊಲ್ಲುವಷ್ಟು ಪ್ರಮಾಣವೂ ದೇಹಕ್ಕೆ ಪಾಠ ಕಲಿಸಲು ಸಾಲದು. ಧನುರ್ವಾಯು ಬಂದು ಬದುಕಿದವರಿಗೂ ನಾವು ಲಸಿಕೆ ಕೊಟ್ಟೇ ಕಳಿಸಬೇಕು, ಇಲ್ಲದಿದ್ದರೆ ಮತ್ತೆ ಬರಬಹುದು. ಇದು ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ, ಮಣ್ಣಿನಿಂದ ಗಾಯಕ್ಕೆ ಬರುತ್ತದೆ. ಊರಿನ ಎಲ್ಲರೂ ಹಾಕಿಸಿಕೊಂಡರೂ ಹಾಕಿಸದ ಒಂದು ಮಗುವಿಗೆ ಅದರಿಂದ ರಕ್ಷಣೆ ಸಿಗದು.

ಲಸಿಕೆಗೂ ಮಿತಿ ಇದೆ, ಅದನ್ನು ಮುಚ್ಚಿಡಬೇಡಿ. ಟಿಡಿ ಕಲಿಸುವುದು ವಿಷವನ್ನು ತಡೆಯಲು. ಗಂಟಲಿನಲ್ಲಿ ರೋಗಾಣು ಬಂದು ಕೂರುವುದನ್ನು ಅದು ಪೂರ್ತಿ ತಡೆಯುವುದಿಲ್ಲ. ಹಾಕಿಸಿಕೊಂಡ ಮಗುವೂ ರೋಗಾಣು ಹೊತ್ತು ತಿರುಗಬಹುದು, ತಾನು ಚೆನ್ನಾಗಿಯೇ ಇರುತ್ತದೆ. ಪಕ್ಕದಲ್ಲಿ ಕೂರುವ, ಲಸಿಕೆ ಇಲ್ಲದ ಮಗುವಿಗೆ ತೊಂದರೆ.

ತಾಯಿ ಕಾರ್ಡ್ ತರಲು ಹೇಳಿ. ಒಂದು ಉದಾಹರಣೆ ಇಟ್ಟುಕೊಳ್ಳಿ. ಹುಡುಗಿಗೆ 6, 10, 14 ವಾರಕ್ಕೆ ಪೆಂಟಾ ಆಗಿದೆ, ಅದರಲ್ಲೂ ಗಂಟಲುಮಾರಿ, ಧನುರ್ವಾಯುವಿನ ಲಸಿಕೆ ಇರುತ್ತದೆ. ಒಂದೂವರೆ ವರ್ಷಕ್ಕೆ ಡಿಪಿಟಿ ಬೂಸ್ಟರ್ ಆಗಿದೆ. ಐದು ವರ್ಷದ್ದು ತಪ್ಪಿದೆ, ಆಗ ಅಪ್ಪ ಅಮ್ಮ ಕೆಲಸಕ್ಕೆಂದು ಬೇರೆ ಊರಿಗೆ ಹೋಗಿದ್ದರು. ಈಗ ಹತ್ತು ವರ್ಷ. ಕೊನೆಯ ಲಸಿಕೆ ಆಗಿ ಎಂಟೂವರೆ ವರ್ಷ, ಪ್ರತಿಕಾಯ ಚೆನ್ನಾಗಿ ಇಳಿದಿರುತ್ತದೆ. ಆದರೂ ಮೊದಲಿನಿಂದ ಶುರು ಮಾಡಬೇಕಿಲ್ಲ. ನೆನಪಿನ ಕೋಶಗಳು ಇವೆ, ಒಂದು ಟಿಡಿಗೆ ಅವು ಏಳುತ್ತವೆ. ಅದೇ ಕ್ಲಾಸಿನಲ್ಲಿ ಒಂದೂ ಲಸಿಕೆ ಆಗದ ಹುಡುಗ ಇದ್ದರೆ ಕಥೆ ಬೇರೆ. ಅವನಿಗೆ ನೆನಪೇ ಇಲ್ಲ. ಕನಿಷ್ಠ ನಾಲ್ಕು ವಾರದ ಅಂತರದಲ್ಲಿ ಎರಡು, ಆರು ತಿಂಗಳ ಮೇಲೆ ಇನ್ನೊಂದು ಬೇಕು. ಅಂಥವರ ಹೆಸರನ್ನು ಸಿಸ್ಟರ್‌ಗೆ ಮೊದಲೇ ಕೊಡಿ.

ಇನ್ನೊಂದು ವಿಷಯ ಕೇಳಿಕೊಳ್ಳಿ: ಇತ್ತೀಚೆಗೆ ಯಾರಿಗಾದರೂ ಗಾಯ ಆಗಿ ಟಿಟಿ, ಅಂದರೆ ಬರೀ ಧನುರ್ವಾಯುವಿನ ಲಸಿಕೆ, ಹಾಕಿಸಿದ್ದಾರಾ? ನಮ್ಮ ಕಡೆ ಮೊಳೆ ಚುಚ್ಚಿದರೂ ಟಿಟಿ, ಬ್ಲೇಡು ತಾಗಿದರೂ ಟಿಟಿ. ರಕ್ತದಲ್ಲಿ ಪ್ರತಿಕಾಯ ಆಗಲೇ ತುಂಬಿರುವಾಗ ಮತ್ತೆ ಚುಚ್ಚಿದರೆ ಭುಜದಿಂದ ಮೊಣಕೈವರೆಗೂ ಊದಿಕೊಳ್ಳಬಹುದು. ಅಂಥ ಮಗುವಿನ ಚೀಟಿಯನ್ನು ಡಾಕ್ಟರ್‌ಗೆ ತೋರಿಸಿ ಆಮೇಲೆ ನಿರ್ಧರಿಸುವುದು ಒಳ್ಳೆಯದು. ಹಿಂದಿನ ಡೋಸಿಗೆ ಜೋರು ಅಲರ್ಜಿ ಆಗಿದ್ದರೆ ಕೊಡುವಂತಿಲ್ಲ. ಜ್ವರ ಸುಡುತ್ತಿದ್ದರೆ ಮುಂದೂಡಿ. ನೆಗಡಿ ಇದ್ದರೆ ಪರವಾಗಿಲ್ಲ.

ಹೆಣ್ಣುಮಕ್ಕಳ ಅಮ್ಮಂದಿರು ಸಭೆಯಲ್ಲಿ ಬಾಯಿ ಬಿಡದೆ ಆಮೇಲೆ ಪಕ್ಕಕ್ಕೆ ಕರೆದು ಕೇಳುತ್ತಾರೆ: "ಇದರಿಂದ ಮುಂದೆ ಮಕ್ಕಳಾಗಲ್ವಂತೆ, ಹೌದಾ?" ವಾದ ಬೇಡ. "ಅಮ್ಮಾ, ಇದೇ ಟಿಡಿಯನ್ನು ಬಸುರಿಯರಿಗೆ ಕೊಡುತ್ತಾರೆ. ನೀವು ಬಸುರಿಯಾಗಿದ್ದಾಗ ಟಿಟಿ ಹಾಕಿಸಿಕೊಂಡಿರಲಿಲ್ವಾ?" ಅನ್ನಿ. ಕಾರ್ಡಿನಲ್ಲೇ ಬರೆದಿರುತ್ತದೆ. ಹೊಸದಾಗಿ ಹುಟ್ಟಿದ ಕೂಸಿಗೆ ಧನುರ್ವಾಯು ಬಾರದಿರಲೆಂದೇ ಅದನ್ನು ಕೊಡುವುದು.

ಸಭೆಯ ದಿನ ಸಿಸ್ಟರ್ ಬರುವುದಾದರೆ ಸೀಸೆಯನ್ನು ಎಲ್ಲರಿಗೂ ತೋರಿಸಲು ಹೇಳಿ. ಅಲುಗಾಡಿಸಿದರೆ ಲಸಿಕೆ ಹಾಲಿನ ಹಾಗೆ ಒಂದೇ ಸಮ ಬೆಳ್ಳಗಾಗಬೇಕು. ಎಲ್ಲಾದರೂ ಹೆಪ್ಪುಗಟ್ಟಿದ್ದರೆ ಅಲ್ಯೂಮಿನಿಯಂ ಲವಣ ಗಂಟುಗಂಟಾಗಿ ಬೇಗ ತಳಕ್ಕೆ ಇಳಿಯುತ್ತದೆ, ಅಂಥದ್ದನ್ನು ಬಳಸುವಂತಿಲ್ಲ. ಸೀಸೆಯ ಮೇಲಿನ ವೃತ್ತದೊಳಗೆ ಒಂದು ಚೌಕ ಇರುತ್ತದೆ. ಚೌಕ ಸುತ್ತಲಿನ ಬಣ್ಣಕ್ಕಿಂತ ತಿಳಿಯಾಗಿದ್ದರೆ ಲಸಿಕೆಗೆ ಶಾಖ ತಗುಲಿ ಕೆಟ್ಟಿಲ್ಲ ಅಂತ ಅರ್ಥ. ಇದನ್ನು ಕಣ್ಣಾರೆ ನೋಡಿದ ಅಪ್ಪಂದಿರು ಆಮೇಲೆ ಬೇರೆಯವರಿಗೆ ತಾವೇ ಹೇಳುತ್ತಾರೆ.

ಲಸಿಕೆಯ ದಿನ ಶಾಲೆಯಲ್ಲಿ ಜಾಸ್ತಿ ಆಗುವ ತೊಂದರೆ ಅಂದರೆ ಮಕ್ಕಳು ತಲೆಸುತ್ತಿ ಬೀಳುವುದು. ಇದು ಲಸಿಕೆಯಿಂದಲ್ಲ, ಸೂಜಿಯ ಭಯದಿಂದ. ಒಬ್ಬಳು ಬಿದ್ದರೆ ನೋಡಿದ ನಾಲ್ವರು ಬೀಳುತ್ತಾರೆ. ಬಿಸಿಯೂಟ ಆದ ಮೇಲೆ, ಕೂರಿಸಿ, ಸಾಲಿನಲ್ಲಿರುವವರಿಗೆ ಕಾಣದ ಹಾಗೆ ಹಾಕಿಸಿ. ಅರ್ಧ ಗಂಟೆ ಬೇರೆ ಕೋಣೆಯಲ್ಲಿ ಕೂರಿಸಿಕೊಳ್ಳಿ. ಭಯಕ್ಕೆ ಬಿದ್ದ ಮಗು ಬಿಳಿಚಿಕೊಂಡು ಬೆವರುತ್ತದೆ, ನಾಡಿ ನಿಧಾನ ಇರುತ್ತದೆ, ಮಲಗಿಸಿ ಕಾಲು ಎತ್ತಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಸರಿಹೋಗುತ್ತದೆ. ನಿಜವಾದ ಅಲರ್ಜಿ ತೀರಾ ಅಪರೂಪ. ಅದರಲ್ಲಿ ಮೈಮೇಲೆ ದದ್ದು ಏಳುತ್ತದೆ, ತುಟಿ ಊದುತ್ತದೆ, ಉಸಿರು ಸಿಳ್ಳೆ ಹೊಡೆಯುತ್ತದೆ, ನಾಡಿ ಓಡುತ್ತದೆ, ಮಲಗಿಸಿದರೂ ಸರಿಹೋಗದು. ಅಂಥ ಲಕ್ಷಣ ಕಂಡರೆ ಒಂದು ನಿಮಿಷವೂ ಕಾಯಬೇಡಿ. ಸಿಸ್ಟರ್ ಕಿಟ್‌ನಲ್ಲಿರುವ ಅಡ್ರಿನಲಿನ್ ಅನ್ನು ತೊಡೆಗೆ ಕೊಡುತ್ತಾರೆ, ನೀವು 108ಕ್ಕೆ ಫೋನ್ ಮಾಡಿ. ಕಿಟ್ ಬಂದಿದೆಯಾ, ಅಡ್ರಿನಲಿನ್‌ನ ಅವಧಿ ಮುಗಿದಿಲ್ಲ ತಾನೇ ಅಂತ ಮೊದಲ ಮಗುವಿಗೆ ಸೂಜಿ ಹಾಕುವ ಮುಂಚೆಯೇ ಕೇಳಿ ನೋಡಿಕೊಳ್ಳಿ. ಯಾವ ಸಿಸ್ಟರ್ ಕೂಡ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.